ಕೇಬಲ್ ಹಾಕಿದ ಮೇಲೆ ಸ್ಪೀಡ್ ಕಮ್ಮಿ ಆಯ್ತು, ಯಾಕೆ?

ಈ ಸಲ ನಮ್ಮ ಮನೆಯಲ್ಲೇ ನಡೆದ ಒಂದು ಸಣ್ಣ ಪತ್ತೇದಾರಿ ಕೆಲಸದ ಬಗ್ಗೆ ಬರೀತಿದ್ದೇವೆ.

ನಾವು ನಾಲ್ಕು ಜನ ಕಾಲೇಜಿನ ಹತ್ತಿರ ಬಾಡಿಗೆ ಮನೆ ಮಾಡಿಕೊಂಡಿದ್ದೇವೆ. ದುಡ್ಡು ಸೇರಿಸಿ 300 ಎಂಬಿಪಿಎಸ್ ಇಂಟರ್‌ನೆಟ್ ಹಾಕಿಸಿದ್ದೇವೆ. ನಮ್ಮಲ್ಲೊಬ್ಬ ಎರಡು ವರ್ಷ ಕೂಡಿಟ್ಟ ದುಡ್ಡಲ್ಲಿ ಪ್ಲೇಸ್ಟೇಷನ್ 5 ತಗೊಂಡ. ರೂಟರ್ ಹಾಲ್‌ನಲ್ಲಿ, ಕನ್ಸೋಲ್ ಒಳಗಿನ ರೂಮಲ್ಲಿ. ವೈಫೈನಲ್ಲಿ ಡೌನ್‌ಲೋಡ್ 180ರ ಹತ್ತಿರ ಬರುತ್ತಿತ್ತು, ಆದರೆ ಆಟದ ಮಧ್ಯೆ ಪಿಂಗ್ ಮೇಲೆ ಕೆಳಗೆ ಆಗುತ್ತಿತ್ತು. ಅದಕ್ಕೇ 15 ಮೀಟರ್ ಉದ್ದದ ಕ್ಯಾಟ್ 5ಇ ಕೇಬಲ್ ತಂದು, ಬಾಗಿಲ ಸಂದಿಯಿಂದ ಎಳೆದು ಹಾಕಿದೆವು.

ಪಿಂಗ್ ಸರಿಹೋಯ್ತು. ಆಟ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಭಾನುವಾರ ಹೊಸ ಗೇಮ್ ಡೌನ್‌ಲೋಡ್‌ಗೆ ಹಾಕಿದೆವು, 50 ಜಿಬಿ. ಒಂದು ಗಂಟೆ ಕಾದರೂ ಮುಗೀಲಿಲ್ಲ. ಕನ್ಸೋಲ್‌ನಲ್ಲೇ ಸ್ಪೀಡ್ ಟೆಸ್ಟ್ ಮಾಡಿದರೆ 93. ಮತ್ತೊಮ್ಮೆ ಮಾಡಿದರೆ 94. ರಾತ್ರಿ ಎರಡು ಗಂಟೆಗೆ ಎದ್ದು ಮಾಡಿದರೂ 94. ಅಂದರೆ ವೈಫೈಗಿಂತ ಕೇಬಲ್ಲೇ ಸ್ಲೋ!

"ಕ್ಯಾಟ್ 5ಇ ಹಳೇದು ಮಗಾ, ಕ್ಯಾಟ್ 8 ತಗೊಳ್ಳೋಣ" ಅಂತ ಒಬ್ಬ. "15 ಮೀಟರ್ ಜಾಸ್ತಿ ಆಯ್ತು ಕಣೋ, ಉದ್ದ ಆದಷ್ಟೂ ಸ್ಪೀಡ್ ಹೋಗುತ್ತೆ" ಅಂತ ಇನ್ನೊಬ್ಬ. ಇಬ್ಬರು ಹೇಳಿದ್ದೂ ತಪ್ಪು ಅಂತ ಆಮೇಲೆ ಗೊತ್ತಾಯ್ತು. ಅದು ಹೇಗೆ ತಪ್ಪು, ನಿಜವಾದ ಕಾರಣ ಏನು, ಅದನ್ನು ಹುಡುಕಿದ್ದು ಹೇಗೆ ಅನ್ನೋದೇ ಈ ಲೇಖನ.

ಮೊದಲು ಕ್ಯಾಟಗರಿ ವಿಷಯ

ಕೇಬಲ್ ಮೇಲಿನ ಸಿಪ್ಪೆಯಲ್ಲಿ ಕ್ಯಾಟ್ 5ಇ, ಕ್ಯಾಟ್ 6, ಕ್ಯಾಟ್ 6ಎ ಅಂತ ಬರೆದಿರುತ್ತದೆ. ಆ ಕೇಬಲ್ ಎಷ್ಟು ಫ್ರೀಕ್ವೆನ್ಸಿವರೆಗೆ ಸಿಗ್ನಲ್ಲನ್ನು ಹಾಳು ಮಾಡದೆ ಸಾಗಿಸಬಲ್ಲದು ಅನ್ನೋದನ್ನ ಈ ಕ್ಯಾಟಗರಿ ಹೇಳುತ್ತದೆ. ಕ್ಯಾಟ್ 5ಇಗೆ 100 ಮೆಗಾಹರ್ಟ್ಸ್, ಕ್ಯಾಟ್ 6ಕ್ಕೆ 250, ಕ್ಯಾಟ್ 6ಎಗೆ 500, ಕ್ಯಾಟ್ 8ಕ್ಕೆ 2000. ಕೇಬಲ್ಲೇ ಸ್ಪೀಡ್ ಹುಟ್ಟಿಸುವುದಿಲ್ಲ. ಎರಡೂ ತುದಿಯ ಪೋರ್ಟ್‌ಗಳು ಮಾತಾಡುವ ವೇಗಕ್ಕೆ ಕೇಬಲ್ ದಾರಿ ಬಿಡುತ್ತದೆ, ಅಷ್ಟೇ.

ಪ್ಲೇಸ್ಟೇಷನ್ 5ರ ಲ್ಯಾನ್ ಪೋರ್ಟ್ ಗರಿಷ್ಠ 1 ಗಿಗಾಬಿಟ್‌ನದು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೂಡ ಅಷ್ಟೇ. ಗಿಗಾಬಿಟ್‌ಗೆ ಕ್ಯಾಟ್ 5ಇ ಪೂರ್ತಿ ಸಾಕು. ಯಾಕೆಂದರೆ ಗಿಗಾಬಿಟ್ ಈಥರ್ನೆಟ್ ಒಂದೇ ತಂತಿಯ ಮೇಲೆ ಭಾರ ಹಾಕುವುದಿಲ್ಲ. ಕೇಬಲ್ ಒಳಗಿನ ಎಂಟು ತಂತಿಗಳನ್ನು ನಾಲ್ಕು ಜೋಡಿ ಮಾಡಿ, ಒಂದೊಂದು ಜೋಡಿಗೆ 250 ಎಂಬಿಪಿಎಸ್ ಹಂಚುತ್ತದೆ. ನಾಲ್ಕು ಸೇರಿದರೆ 1000. ಈ ನಾಲ್ಕು ಅನ್ನೋ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಇಡೀ ಕೇಸ್ ಇದರ ಮೇಲೇ ನಿಂತಿದೆ.

ಹಾಗಾದರೆ ಕನ್ಸೋಲ್‌ಗೆ ಕ್ಯಾಟ್ 8 ಹಾಕಿದರೆ? 1 ಗಿಗಾಬಿಟ್‌ಗಿಂತ ಮೇಲೆ ಹೋಗೋಕೆ ಪೋರ್ಟೇ ಬಿಡುವುದಿಲ್ಲ. ಕ್ಯಾಟ್ 8 ಇರೋದು ಡೇಟಾ ಸೆಂಟರ್‌ಗಳಲ್ಲಿ 25 ಮತ್ತು 40 ಗಿಗಾಬಿಟ್ ಸಾಗಿಸೋಕೆ, ಅದೂ 30 ಮೀಟರ್ ಒಳಗೆ. ದಪ್ಪ, ಗಡಸು, ಬಾಗಿಲ ಮೂಲೆಯಲ್ಲಿ ಬಗ್ಗಿಸೋದೂ ಕಷ್ಟ. ಗೋಡೆ ಒಳಗೆ ಪೈಪ್‌ನಲ್ಲಿ ಹತ್ತು ವರ್ಷಕ್ಕೆ ಅಂತ ಎಳೆಸುವುದಾದರೆ ಕ್ಯಾಟ್ 6 ಅಥವಾ 6ಎ ತಗೊಳ್ಳಿ. ಕನ್ಸೋಲ್‌ಗೆ ಮಾತ್ರ ಅಂದರೆ ಒಳ್ಳೆಯ ಕ್ಯಾಟ್ 5ಇ ಇದ್ದರೂ ಏನೂ ಕಳೆದುಕೊಳ್ಳುವುದಿಲ್ಲ.

ಇಲ್ಲಿ "ಒಳ್ಳೆಯ" ಅನ್ನೋ ಪದ ಮುಖ್ಯ. ತಂತಿ ಪೂರ್ತಿ ತಾಮ್ರದ್ದೇ ಆಗಿರಬೇಕು. ಕಡಿಮೆ ಬೆಲೆಯ ಕೆಲವು ಕೇಬಲ್‌ಗಳಲ್ಲಿ ಒಳಗೆ ಅಲ್ಯೂಮಿನಿಯಂ, ಮೇಲೆ ತೆಳ್ಳಗೆ ತಾಮ್ರದ ಲೇಪ ಇರುತ್ತದೆ. ಅವುಗಳ ರೋಧ ಜಾಸ್ತಿ, ಬಗ್ಗಿಸಿದರೆ ಬೇಗ ಮುರಿಯುತ್ತವೆ. ತಂತಿಯ ತುದಿಯನ್ನು ಬ್ಲೇಡ್‌ನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ನಮ್ಮ ಕೇಬಲ್ ತಾಮ್ರದ್ದೇ ಆಗಿತ್ತು.

ಉದ್ದದ ಲೆಕ್ಕ

ಗಿಗಾಬಿಟ್‌ಗೆ ಕ್ಯಾಟ್ 5ಇ ಕೇಬಲ್‌ನ ಮಿತಿ 100 ಮೀಟರ್. ಕಟ್ಟಡದ ವೈರಿಂಗ್‌ನಲ್ಲಿ ಇದನ್ನು ಗೋಡೆ ಒಳಗಿನ ಕೇಬಲ್‌ಗೆ 90 ಮೀಟರ್, ಎರಡೂ ತುದಿಯ ಪ್ಯಾಚ್ ಕಾರ್ಡ್‌ಗಳಿಗೆ ಒಟ್ಟು 10 ಮೀಟರ್ ಅಂತ ಲೆಕ್ಕ ಹಾಕುತ್ತಾರೆ. ದೂರ ಹೋದಂತೆ ಸಿಗ್ನಲ್ ಕ್ಷೀಣಿಸುತ್ತದೆ, ಆದರೆ 100 ಮೀಟರ್ ಆಚೆ ತಲುಪಿದ ಸಿಗ್ನಲ್ಲನ್ನೂ ಪೋರ್ಟ್ ಸರಿಯಾಗಿ ಓದಲೇಬೇಕು ಅಂತ ಸ್ಟ್ಯಾಂಡರ್ಡ್ ಹೇಳುತ್ತದೆ. ನಮ್ಮದು 15 ಮೀಟರ್, ಮಿತಿಯ ಆರನೇ ಒಂದು ಭಾಗವೂ ಇಲ್ಲ.

ಇಲ್ಲಿ ನಾವೆಲ್ಲ ಮಾಡಿದ ತಪ್ಪು ಏನು ಗೊತ್ತಾ? ಉದ್ದ ಜಾಸ್ತಿ ಆದ ಹಾಗೆ ಸ್ಪೀಡ್ ಇಳಿಜಾರಿನ ಹಾಗೆ ನಿಧಾನವಾಗಿ ಇಳಿಯುತ್ತೆ ಅಂದುಕೊಂಡಿದ್ದು. ಗಿಗಾಬಿಟ್ ಪೋರ್ಟ್‌ನಲ್ಲಿ ಲಿಂಕ್ ಸ್ಪೀಡ್ ಇಳಿಜಾರಲ್ಲ, ಮೆಟ್ಟಿಲು. 10, 100, 1000 ಅಂತ ಮೂರೇ ಮೆಟ್ಟಿಲು. 50 ಮೀಟರ್‌ಗೆ 500 ಅಂತ ಎಲ್ಲೂ ಇಲ್ಲ. ಒಳ್ಳೆಯ ಕೇಬಲ್ಲಾದರೆ 2 ಮೀಟರ್‌ನಲ್ಲೂ 1000, 90 ಮೀಟರ್‌ನಲ್ಲೂ 1000.

ಪಿಂಗ್ ಭಯವೂ ಬೇಡ. ತಾಮ್ರದ ಕೇಬಲ್‌ನಲ್ಲಿ ಸಿಗ್ನಲ್‌ಗೆ ಒಂದು ಮೀಟರ್ ದಾಟೋಕೆ ಸುಮಾರು 5 ನ್ಯಾನೊಸೆಕೆಂಡ್ ಬೇಕು. 20 ಮೀಟರ್ ಹೋಗಿ ಬರೋಕೆ 200 ನ್ಯಾನೊಸೆಕೆಂಡ್, ಅಂದರೆ 0.0002 ಮಿಲಿಸೆಕೆಂಡ್. ಗೇಮ್ ಸರ್ವರ್‌ಗೆ ನಮ್ಮ ಪಿಂಗ್ 20 ಮಿಲಿಸೆಕೆಂಡ್ ಇತ್ತು. ಅದರ ಮುಂದೆ ಕೇಬಲ್‌ನ ಪಾಲು ಲಕ್ಷದಲ್ಲಿ ಒಂದು.

ಒಂದು ಎಚ್ಚರಿಕೆ ಮಾತ್ರ. ಕಾರ್ಪೆಟ್ ಕೆಳಗೆ ಹಾಕೋ ಚಪ್ಪಟೆ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ತಂತಿ ತುಂಬಾ ತೆಳ್ಳಗಿರುತ್ತದೆ. ಅವನ್ನು 100 ಮೀಟರ್‌ವರೆಗೆ ನಂಬೋ ಹಾಗಿಲ್ಲ. ಒಂದು ರೂಮಿನ ಒಳಗೆ ಬಳಸಿದರೆ ತೊಂದರೆ ಇಲ್ಲ.

94 ಅನ್ನೋ ಸಂಖ್ಯೆ ಹೇಳಿದ ಗುಟ್ಟು

ಕ್ಯಾಟಗರಿ ಸರಿ ಇದೆ, ಉದ್ದ ಸರಿ ಇದೆ. ಹಾಗಾದರೆ? ನೆಟ್‌ವರ್ಕ್ಸ್ ಲ್ಯಾಬ್‌ನಲ್ಲಿ ಸಿಕ್ಕ ಮೂರನೇ ವರ್ಷದ ಅಕ್ಕ ಒಬ್ಬರಿಗೆ ಕಥೆ ಹೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸ್ಪೀಡ್ ಎಷ್ಟು ಬರ್ತಿದೆ, ಕರೆಕ್ಟಾಗಿ ಹೇಳಿ." 94 ಅಂದೆವು. "ಹಾಗಾದ್ರೆ ಕ್ಯಾಟಗರಿ ಬಿಡ್ರೋ, ಜೋಡಿ ನೋಡಿ" ಅಂದರು.

94 ಯಾಕೆ ಅಷ್ಟು ಮುಖ್ಯ? ಲಿಂಕ್ 100 ಎಂಬಿಪಿಎಸ್ ಇದ್ದಾಗ ನಮ್ಮ ಕೈಗೆ ಪೂರ್ತಿ 100 ಸಿಗುವುದಿಲ್ಲ. ಒಂದು ಪೂರ್ಣ ಫ್ರೇಮ್ ತಂತಿಯ ಮೇಲೆ 1538 ಬೈಟ್ ಜಾಗ ತಗೊಳ್ಳುತ್ತದೆ, ಅದರಲ್ಲಿ ನಿಜವಾದ ಡೇಟಾ ಹೆಚ್ಚೆಂದರೆ 1460 ಬೈಟ್. ಉಳಿದದ್ದು ಹೆಡರ್‌ಗಳು ಮತ್ತು ಫ್ರೇಮ್‌ಗಳ ನಡುವಿನ ಖಾಲಿ ಜಾಗ. 1460ನ್ನು 1538ರಿಂದ ಭಾಗಿಸಿ, ಶೇಕಡಾ 94.9 ಬರುತ್ತದೆ. ಹಾಗಾಗಿ 100ರ ಲಿಂಕ್‌ನಲ್ಲಿ ಸ್ಪೀಡ್ ಟೆಸ್ಟ್ 93, 94ಕ್ಕೆ ಬಂದು ತಲೆ ತಾಗಿ ನಿಲ್ಲುತ್ತದೆ. ಇಂಟರ್‌ನೆಟ್ ಕಡೆಯ ತೊಂದರೆ ಆಗಿದ್ದರೆ ಒಮ್ಮೆ 60, ಒಮ್ಮೆ 210 ಅಂತ ಓಲಾಡುತ್ತಿತ್ತು. ಹಗಲು ರಾತ್ರಿ ಒಂದೇ ಸಂಖ್ಯೆ ಬಂತು ಅಂದರೆ ಲಿಂಕೇ 100ರ ಮೆಟ್ಟಿಲಿಗೆ ಇಳಿದಿದೆ ಅಂತ ಅನುಮಾನ ಪಡಬೇಕು.

ಯಾಕೆ ಇಳಿಯಿತು? 100 ಎಂಬಿಪಿಎಸ್ ಈಥರ್ನೆಟ್‌ಗೆ ಎರಡೇ ಜೋಡಿ ಸಾಕು. ಪ್ಲಗ್‌ನ 1, 2ನೇ ಪಿನ್‌ಗಳ ಜೋಡಿ, ಮತ್ತು 3, 6ನೇ ಪಿನ್‌ಗಳ ಜೋಡಿ. ಸಾಮಾನ್ಯವಾಗಿ ಬಳಸುವ ಬಣ್ಣದ ಕ್ರಮದಲ್ಲಿ ಇವು ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ಇವುಗಳ ಜೊತೆ ನೀಲಿ (4, 5) ಮತ್ತು ಕಂದು (7, 8) ಜೋಡಿಗಳೂ ಬೇಕೇ ಬೇಕು.

ಈಗ ಒಂದು ತಂತಿ ತುಂಡಾಯ್ತು ಅಂದುಕೊಳ್ಳಿ. ಅದು ಕಿತ್ತಳೆ ಅಥವಾ ಹಸಿರು ಜೋಡಿಯದಾದರೆ ಲಿಂಕೇ ಬರುವುದಿಲ್ಲ. ಎರಡು ತುದಿಯ ಪೋರ್ಟ್‌ಗಳು "ನಿನಗೆ ಯಾವ ಸ್ಪೀಡ್ ಬರುತ್ತೆ" ಅಂತ ಮೊದಲು ಮಾತಾಡಿಕೊಳ್ಳುವುದೇ ಈ ಜೋಡಿಗಳ ಮೇಲೆ. ಕನ್ಸೋಲ್ "ಕೇಬಲ್ ಇಲ್ಲ" ಅನ್ನುತ್ತದೆ, ನಮಗೂ ತಕ್ಷಣ ಗೊತ್ತಾಗುತ್ತದೆ. ತುಂಡಾಗಿದ್ದು ನೀಲಿ ಅಥವಾ ಕಂದು ಆದರೆ ಕಥೆ ಬೇರೆ. ಇಬ್ಬರೂ ಗಿಗಾಬಿಟ್ ಅಂತ ಒಪ್ಪಿಕೊಳ್ಳುತ್ತಾರೆ, ಶುರು ಮಾಡೋಕೆ ಹೋಗುತ್ತಾರೆ, ಆಗುವುದಿಲ್ಲ. ಕೆಲವು ಸಲ ಪ್ರಯತ್ನಿಸಿ ಸೋತ ಮೇಲೆ ಈಗಿನ ಹೆಚ್ಚಿನ ಪೋರ್ಟ್‌ಗಳು ಯಾರಿಗೂ ಹೇಳದೆ 100ಕ್ಕೆ ಇಳಿದುಬಿಡುತ್ತವೆ. ಎಲ್ಲೂ ಎರರ್ ಇಲ್ಲ. ಆನ್‌ಲೈನ್ ಆಟಕ್ಕೆ 100 ಎಂಬಿಪಿಎಸ್ ಬೇಕಾದಷ್ಟಾಯ್ತು, ಪಿಂಗ್ ಕೂಡ ಚೆನ್ನಾಗಿರುತ್ತದೆ. ದೊಡ್ಡ ಡೌನ್‌ಲೋಡ್ ಹಾಕೋವರೆಗೂ ಗೊತ್ತೇ ಆಗುವುದಿಲ್ಲ. ಪೂರ್ತಿ ಸತ್ತ ಕೇಬಲ್‌ಗಿಂತ ಅರ್ಧ ಸತ್ತ ಕೇಬಲ್ಲೇ ಜಾಸ್ತಿ ಮೋಸ ಮಾಡೋದು ಇದಕ್ಕೇ.

ನಾವು ಹುಡುಕಿದ ಕ್ರಮ

ಅನುಮಾನ ಬಂದ ಮಾತ್ರಕ್ಕೆ ಕೇಬಲ್ ಬಿಸಾಡಬಾರದು. ಕೆಲವು ರೂಟರ್‌ಗಳ ಲ್ಯಾನ್ ಪೋರ್ಟ್‌ಗಳೇ 100ರವು. ಮಧ್ಯೆ ಹಳೆಯ ಸ್ವಿಚ್ ಇದ್ದರೂ ಹೀಗೇ ಆಗುತ್ತದೆ. ಆಗ ಚಿನ್ನದ ಕೇಬಲ್ ಹಾಕಿದರೂ 94ರ ಮೇಲೆ ಬರುವುದಿಲ್ಲ. ಅದಕ್ಕೇ ಒಂದೊಂದಾಗಿ ತೆಗೆದುಹಾಕುತ್ತಾ ಹೋದೆವು.

ಮೊದಲು ಫೋನನ್ನು ರೂಟರ್ ಪಕ್ಕದಲ್ಲೇ ಇಟ್ಟು ವೈಫೈನಲ್ಲಿ ಟೆಸ್ಟ್ ಮಾಡಿದೆವು. 280 ಬಂತು. ಹೊರಗಿನ ಲೈನ್ ಸರಿ ಇದೆ.

ಎರಡನೆಯದು, ಲ್ಯಾನ್ ಪೋರ್ಟ್ ಇರೋ ಲ್ಯಾಪ್‌ಟಾಪನ್ನು ಕನ್ಸೋಲ್ ಜಾಗದಲ್ಲಿ ಅದೇ ಕೇಬಲ್‌ಗೆ ಸಿಕ್ಕಿಸಿದೆವು. ಇಲ್ಲಿ ಸ್ಪೀಡ್ ಟೆಸ್ಟ್ ಬೇಕಿಲ್ಲ, ಲಿಂಕ್ ಸ್ಪೀಡ್ ನೇರವಾಗಿ ಕೇಳಬಹುದು. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ:

```
Get-NetAdapter | Select-Object Name, LinkSpeed
```

ಲಿನಕ್ಸ್ ಆದರೆ ಹೀಗೆ (`enp3s0` ಜಾಗದಲ್ಲಿ ನಿಮ್ಮ ಪೋರ್ಟ್‌ನ ಹೆಸರು ಹಾಕಿ):

```
sudo ethtool enp3s0 | grep Speed
```

ನಮಗೆ ಬಂದ ಉತ್ತರ `100 Mbps`. ಅಂದರೆ ಕನ್ಸೋಲ್‌ದು ತಪ್ಪಿಲ್ಲ, ಲ್ಯಾಪ್‌ಟಾಪ್‌ಗೂ ಅದೇ ಗತಿ. ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬಳಸೋರು ಮಾತ್ರ ಅದು ಗಿಗಾಬಿಟ್‌ನದೇ ಅಂತ ಮೊದಲು ನೋಡಿಕೊಳ್ಳಿ, 100ರ ಅಡಾಪ್ಟರ್‌ಗಳೂ ಇವೆ.

ಮೂರನೆಯದು, ಅದೇ ಲ್ಯಾಪ್‌ಟಾಪನ್ನು ಹಾಲ್‌ಗೆ ತಂದು, ರೂಟರ್‌ನ ಅದೇ ಪೋರ್ಟ್‌ಗೆ ರೂಟರ್ ಡಬ್ಬಿಯಲ್ಲಿ ಬಂದಿದ್ದ ಪುಟ್ಟ ಕೇಬಲ್‌ನಿಂದ ಸೇರಿಸಿದೆವು. ಈಗ `1 Gbps`. ರೂಟರ್ ಪೋರ್ಟೂ ಸರಿ, ಲ್ಯಾಪ್‌ಟಾಪೂ ಸರಿ. ಈ ಎರಡು ಪರೀಕ್ಷೆಗಳ ನಡುವೆ ಬದಲಾಗಿದ್ದು ಕೇಬಲ್ ಒಂದೇ. ಅಪರಾಧಿ ಸಿಕ್ಕಿಬಿದ್ದ.

ಬೇರೇನೂ ಉಪಕರಣ ಇಲ್ಲದಿದ್ದರೆ ಇಷ್ಟೇ ಸಾಕು. ಆದರೆ ನಮಗೆ ಎಲ್ಲಿ ಹಾಳಾಗಿದೆ ಅಂತ ನೋಡೋ ಕುತೂಹಲ. ಅಕ್ಕನ ಹತ್ತಿರ ಕೇಬಲ್ ಟೆಸ್ಟರ್ ಇಸ್ಕೊಂಡು ಬಂದೆವು. ಅದಕ್ಕೆ ಎರಡು ಭಾಗ, ಕೇಬಲ್‌ನ ಎರಡೂ ತುದಿಗೆ ಒಂದೊಂದು. ಒಂದರಿಂದ ಎಂಟರವರೆಗೆ ದೀಪಗಳು ಒಂದರ ಹಿಂದೆ ಒಂದು ಹತ್ತುತ್ತಾ ಹೋಗುತ್ತವೆ. ನಮ್ಮದರಲ್ಲಿ 1, 2, 3, 4, 5, 6 ಹತ್ತಿದವು, 7 ಹತ್ತಲಿಲ್ಲ, 8 ಹತ್ತಿತು. 7 ಅಂದರೆ ಕಂದು ಜೋಡಿಯ ಬಿಳಿ-ಕಂದು ತಂತಿ. ಲೆಕ್ಕ ಸರಿಯಾಗಿ ಕೂತಿತು.

ಆಮೇಲೆ ಒಬ್ಬ ದೀಪ ನೋಡುತ್ತಾ ಕೂತ, ಇನ್ನೊಬ್ಬ ಕೇಬಲ್‌ನ ಒಂದು ತುದಿಯಿಂದ ಒಂದೊಂದೇ ಗೇಣು ಬಗ್ಗಿಸುತ್ತಾ ಬಂದ. ಪ್ಲಗ್‌ಗಳ ಹತ್ತಿರ ಏನೂ ಆಗಲಿಲ್ಲ. ಬಾಗಿಲ ಹೊಸ್ತಿಲಿಗೆ ತಾಗುತ್ತಿದ್ದ ಜಾಗ ಬಂದಾಗ "ಲೋ, ಹತ್ತಿತು, ಏಳು ಹತ್ತಿತು!" ಅಂತ ಕೂಗಿದ. ಬಿಟ್ಟರೆ ಮತ್ತೆ ಆರಿತು. ದಿನಕ್ಕೆ ಇಪ್ಪತ್ತು ಸಲ ಬಾಗಿಲು ಹಾಕಿ ತೆಗೆದು, ಕೇಬಲ್ ಚೌಕಟ್ಟಿಗೆ ಒತ್ತಿಕೊಂಡು ಜಜ್ಜಿ ಹೋಗಿತ್ತು. ಹೊರಗಿನ ಸಿಪ್ಪೆ ಮೇಲೆ ಸಣ್ಣದೊಂದು ತಗ್ಗು, ಅಷ್ಟೇ. ಅಲ್ಲಿ ಕೊಯ್ದು ನೋಡಿದಾಗ ಬಿಳಿ-ಕಂದು ತಂತಿ ಒಳಗೇ ತುಂಡಾಗಿತ್ತು.

ಟೆಸ್ಟರ್ ಹೇಳದ ತೊಂದರೆ

ಎಂಟೂ ದೀಪ ಹತ್ತಿತು ಅಂದ ಮಾತ್ರಕ್ಕೆ ಕೇಬಲ್ ಚೆನ್ನಾಗಿದೆ ಅಂತಲ್ಲ. ಆ ಟೆಸ್ಟರ್ ನೋಡೋದು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯಾ ಅನ್ನೋದನ್ನ ಮಾತ್ರ. ತಂತಿ ತುಂಡಾಗದೆ, ಜಜ್ಜಿ ಹೋಗಿ ಜೋಡಿಯ ಹೆಣಿಗೆ ಮಾತ್ರ ಕೆಟ್ಟಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಜೋಡಿಗಳನ್ನು ಹೆಣೆದಿರೋದೇ ಪಕ್ಕದ ಜೋಡಿಯ ಸಿಗ್ನಲ್ ಇದರೊಳಗೆ ನುಸುಳದಿರಲಿ ಅಂತ. ಪ್ಲಗ್ ಕ್ರಿಂಪ್ ಮಾಡುವಾಗ ಹೆಣಿಗೆಯನ್ನು ಜಾಸ್ತಿ ಬಿಚ್ಚಿದರೂ ಇದೇ ತೊಂದರೆ. ಕ್ಯಾಟ್ 5ಇಗೆ 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು ಅಂತ ನಿಯಮ ಇದೆ.

ಇಂಥ ಕೇಬಲ್‌ನಲ್ಲಿ ಲಿಂಕ್ `1 Gbps` ಅಂತಲೇ ತೋರಿಸುತ್ತದೆ, ಆದರೆ ಫ್ರೇಮ್‌ಗಳು ಹಾಳಾಗಿ ತಲುಪುತ್ತವೆ, ಅವನ್ನು ಮತ್ತೆ ಕಳಿಸಬೇಕಾಗುತ್ತದೆ. ಸ್ಪೀಡ್ 94ಕ್ಕೆ ನಿಲ್ಲುವುದಿಲ್ಲ, ಓಲಾಡುತ್ತದೆ. ಆಟದಲ್ಲೂ ಆಗಾಗ ಜರ್ಕ್ ಹೊಡೆಯುತ್ತದೆ. ಇದನ್ನು ಕಂಡುಹಿಡಿಯೋಕೆ ವೈಫೈ ಆಫ್ ಮಾಡಿ, ಕೇಬಲ್ ಮೂಲಕ ಇಂಟರ್‌ನೆಟ್‌ಗಲ್ಲ, ನಿಮ್ಮ ರೂಟರ್‌ಗೇ ಪಿಂಗ್ ಹಾಕಿ. ವಿಂಡೋಸ್‌ನಲ್ಲಿ (ರೂಟರ್ ವಿಳಾಸ ನಿಮ್ಮದು ಬೇರೆ ಇರಬಹುದು):

```
ping -n 200 -l 1400 192.168.1.1
```

ಮನೆಯೊಳಗಿನ ಕೇಬಲ್‌ನಲ್ಲಿ 200ರಲ್ಲಿ ಒಂದೂ ಕಳೆದುಹೋಗಬಾರದು. ಐದಾರು ಹೋಗುತ್ತಿದ್ದರೆ, ಪುಟ್ಟ ಕೇಬಲ್ ಹಾಕಿ ಮತ್ತೊಮ್ಮೆ ಮಾಡಿ. ಅದರಲ್ಲಿ ಸೊನ್ನೆ ಬಂದರೆ ಮೊದಲಿನ ಕೇಬಲ್‌ದೇ ತಪ್ಪು. ಪಿಂಗ್ ಓಡುತ್ತಿರುವಾಗ ಪ್ಲಗ್ ಅಲ್ಲಾಡಿಸಿಯೂ ನೋಡಿ. ಪ್ಲಗ್ ಮೇಲಿನ ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ದರೆ ಸ್ವಲ್ಪ ಎಳೆದರೂ ಪಿನ್‌ಗಳು ಬಿಟ್ಟುಕೊಳ್ಳುತ್ತವೆ.

ಕೊನೆಗೆ ಏನು ಮಾಡಿದೆವು

ಹಾಳಾಗಿದ್ದು ಪ್ಲಗ್ ಹತ್ತಿರ ಆಗಿದ್ದರೆ ಅಷ್ಟು ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿದ್ದರೆ ಮುಗಿಯುತ್ತಿತ್ತು. ನಮ್ಮದು ರೂಟರ್‌ನಿಂದ ಸುಮಾರು 6 ಮೀಟರ್ ದೂರದಲ್ಲಿ, ನಟ್ಟ ನಡುವೆ. ಅಲ್ಲೇ ತಂತಿ ತಿರುಚಿ ಟೇಪ್ ಸುತ್ತೋಣ ಅಂತ ಒಬ್ಬ ಹೇಳಿದ. ಕರೆಂಟ್ ವೈರ್‌ಗೆ ಮಾಡೋ ಹಾಗೆ ಇದಕ್ಕೆ ಮಾಡಬಾರದು, ಹೆಣಿಗೆ ಬಿಚ್ಚಿದ ಆ ಜಾಗವೇ ಹೊಸ ತೊಂದರೆ ಆಗುತ್ತದೆ.

ಹಾಗಾಗಿ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ, ಪೂರ್ತಿ ತಾಮ್ರದ್ದು ಅಂತ ತುದಿ ಕೆರೆದು ನೋಡಿ, 20 ಮೀಟರ್ ಕ್ಯಾಟ್ 6 ತಂದೆವು. ಅಂಗಡಿಯ ಅಣ್ಣ "ಗೇಮಿಂಗ್‌ಗೆ ಕ್ಯಾಟ್ 8 ತಗೊಳ್ಳಿ ತಮ್ಮಾ" ಅಂದರು. "ಬೇಡ ಅಣ್ಣ, ಪೋರ್ಟೇ ಒಂದು ಗಿಗಾಬಿಟ್‌ದು" ಅಂದಾಗ ನಕ್ಕು ಸುಮ್ಮನಾದರು. ಕ್ಯಾಟ್ 5ಇ ಕೂಡ ಸಾಕಿತ್ತು, ಬೆಲೆ ವ್ಯತ್ಯಾಸ ಕಮ್ಮಿ ಇತ್ತು ಅಂತ 6 ತಗೊಂಡೆವು, ಅಷ್ಟೇ.

ಐದು ಮೀಟರ್ ಜಾಸ್ತಿ ತಂದಿದ್ದು ಬಾಗಿಲ ಸಂದಿ ಬಿಟ್ಟು, ಕಿಟಕಿಯ ಮೇಲೆ ಸುತ್ತಿಸಿ ಹಾಕೋಕೆ. ಮೂಲೆಗಳಲ್ಲಿ ಮಡಚದೆ ದುಂಡಗೆ ತಿರುಗಿಸಿದೆವು. ಕೇಬಲ್ ದಪ್ಪದ ನಾಲ್ಕು ಪಟ್ಟಿಗಿಂತ ಸಣ್ಣ ತ್ರಿಜ್ಯದಲ್ಲಿ ಬಗ್ಗಿಸಬಾರದು ಅನ್ನೋದು ನಿಯಮ. 6 ಮಿಲಿಮೀಟರ್ ಕೇಬಲ್‌ಗೆ ಅದು ಸುಮಾರು 2.5 ಸೆಂಟಿಮೀಟರ್. ಕ್ಲಿಪ್‌ಗಳನ್ನು ಕೇಬಲ್ ಜಜ್ಜದಷ್ಟು ಸಡಿಲವಾಗಿ ಹೊಡೆದೆವು.

ಲ್ಯಾಪ್‌ಟಾಪ್ `1 Gbps` ಅಂತು. ಕನ್ಸೋಲ್‌ನಲ್ಲಿ ಟೆಸ್ಟ್ ಮಾಡಿದರೆ 285. ಮೊದಲಿಗೆ 71 ನಿಮಿಷ ತಗೊಳ್ಳುತ್ತಿದ್ದ ಅದೇ 50 ಜಿಬಿ ಈಗ 23 ನಿಮಿಷದ ಲೆಕ್ಕ. ಹಳೆಯ ಕೇಬಲ್ಲನ್ನೂ ಬಿಸಾಡಲಿಲ್ಲ. ಜಜ್ಜಿದ ಜಾಗ ಕತ್ತರಿಸಿ, ಉಳಿದ 9 ಮೀಟರ್‌ಗೆ ಹೊಸ ಪ್ಲಗ್ ಹಾಕಿ ಟೆಸ್ಟ್ ಮಾಡಿದೆವು. ಎಂಟೂ ದೀಪ ಹತ್ತಿತು, ಲಿಂಕ್ ಗಿಗಾಬಿಟ್ ಬಂತು, 200 ಪಿಂಗ್‌ನಲ್ಲಿ ಒಂದೂ ಹೋಗಲಿಲ್ಲ. ಈಗ ಅದು ಪಕ್ಕದ ರೂಮಿನ ಡೆಸ್ಕ್‌ಟಾಪ್‌ಗೆ ಹೋಗಿದೆ. ಕ್ಯಾಟ್ 5ಇ ಹಳೇದು ಅಂದಿದ್ದ ಗೆಳೆಯನೇ ಅದನ್ನು ಬಳಸುತ್ತಿದ್ದಾನೆ.

ನಿಮ್ಮ ರೂಮಲ್ಲೂ ಟೆಸ್ಟ್ ಪದೇ ಪದೇ 94 ತೋರಿಸುತ್ತಿದ್ದರೆ, ಹೊಸ ಕೇಬಲ್‌ಗೆ ದುಡ್ಡು ಹಾಕೋ ಮುಂಚೆ ಲಿಂಕ್ ಸ್ಪೀಡ್ ನೋಡಿ, ಆಮೇಲೆ ಬಾಗಿಲು ಮತ್ತು ಮಂಚದ ಕಾಲಿನ ಕೆಳಗೆ ಒಮ್ಮೆ ಬಗ್ಗಿ ನೋಡಿ.